ಆರು ವಾರದ ಫಿಟ್ನೆಸ್ ಚಾಲೆಂಜ್‌ಗೆ ನಾಲ್ಕು ನಿಮಿಷದ ಮಾತು: ಬರೆಯುವುದು ಹೇಗೆ, ಹೇಳುವುದು ಹೇಗೆ

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ಸಣ್ಣ ಕಂಪನಿ. ಒಟ್ಟು 24 ಜನ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ, ಮಿಷನ್ ಕೂರಿಸಿಕೊಡುತ್ತೇವೆ. ಅರ್ಧ ಜನ ಇಡೀ ದಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಐದಾರು ಜನ ಮಿಷನ್ ಹೊತ್ತುಕೊಂಡು ಊರೆಲ್ಲ ಸುತ್ತುತ್ತಾರೆ. ಉಳಿದವರು ಅಕೌಂಟ್ಸ್ ಮತ್ತು ಆಫೀಸ್ ಕೆಲಸದವರು. 2026ರ ಜನವರಿ 30, ಶುಕ್ರವಾರ ಸಂಜೆ ಟೀ ಹೊತ್ತಿಗೆ ನಾನು ಅವರ ಮುಂದೆ ನಿಂತು ಆರು ವಾರದ ಫಿಟ್ನೆಸ್ ಚಾಲೆಂಜ್ ಬಗ್ಗೆ ನಾಲ್ಕು ನಿಮಿಷ ಮಾತಾಡಿದೆ. ಆ ಮಾತನ್ನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನಲ್ಲಿ ಈ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಇದನ್ನೇ ಸ್ವಲ್ಪ ಬದಲಿಸಿ ಬಳಸಬಹುದು.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಕಂಪನಿಯಲ್ಲಿದ್ದಾಗ ಇಂಥದ್ದೇ ಚಾಲೆಂಜ್ ಶುರು ಮಾಡಿದ್ದೆ. ಸ್ಲೈಡ್ ಹಾಕಿಕೊಂಡು ಕಾಲು ಗಂಟೆ ಮಾತಾಡಿದ್ದೆ. ದಿನಕ್ಕೆ 10,000 ಹೆಜ್ಜೆ, ಯಾರು ಜಾಸ್ತಿ ನಡೆದರೋ ಅವರು ಮೊದಲು, ಎಲ್ಲರೂ ಒಂದಿಷ್ಟು ತೂಕ ಇಳಿಸೋಣ ಎಂದಿದ್ದೆ. ಒಬ್ಬ ಸಹೋದ್ಯೋಗಿ ಹೆಸರು ಕೊಡಲಿಲ್ಲ. ಎಲ್ಲರ ಎದುರಿಗೇ "ಯಾಕೆ ನೀವು ಸೇರ್ತಿಲ್ಲ?" ಎಂದು ಕೇಳಿಬಿಟ್ಟೆ. ಅವರು ಆಗ ಎರಡು ತಿಂಗಳ ಬಸುರಿ. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಏನೋ ನೆಪ ಹೇಳಿ ಕಣ್ಣು ತಗ್ಗಿಸಿಕೊಂಡು ಕೂತರು. ವಿಷಯ ಗೊತ್ತಾದ ಮೇಲೆ ನನಗೆ ಬಹಳ ಸಂಕಟವಾಯಿತು. ಚಾಲೆಂಜ್ ಕೂಡ ಎರಡನೇ ವಾರಕ್ಕೇ ಸೊರಗಿತು. ಮೇಲಿನ ಮೂವರು ದಿನಕ್ಕೆ 20,000 ಹೆಜ್ಜೆ ದಾಟುತ್ತಿದ್ದರು. ಅದನ್ನು ನೋಡಿ ಉಳಿದವರು ಲೆಕ್ಕ ಕಳಿಸುವುದನ್ನೇ ಬಿಟ್ಟರು.

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಉಳಿದಿದೆ. ಈಗಾಗಲೇ ಓಡುವವರಿಗೆ ನಮ್ಮ ಭಾಷಣ ಬೇಕಾಗಿಲ್ಲ. ಅವರು ಹೇಗೂ ಓಡುತ್ತಾರೆ. ಇದು ಹಿಂದಿನ ಸಾಲಿನಲ್ಲಿ ಕೂತು "ಇದು ನನ್ನಿಂದ ಆಗೋದಲ್ಲ" ಎಂದುಕೊಳ್ಳುವವರಿಗಾಗಿ ಆಡುವ ಮಾತು. ಸೋಮವಾರ ತಾನು ಏನು ಮಾಡಬೇಕು ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಸೇರದಿದ್ದರೂ ಯಾರೂ ಏನೂ ಅನ್ನುವುದಿಲ್ಲ ಎಂಬ ಧೈರ್ಯ ಬರಬೇಕು.

ಹಂತ 1: ಮಾತಿಗೆ ಮೊದಲು ನಿಯಮ

ಹೆಚ್ಚಿನವರು ಮೊದಲು ಭಾಷಣ ಬರೆಯುತ್ತಾರೆ, ನಿಯಮವನ್ನು ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಾರೆ. ಇದನ್ನು ತಿರುಗಿಸಿ ಮಾಡಿ. ನಿಯಮ ಸರಳವಾಗಿದ್ದರೆ ಭಾಷಣ ತಾನಾಗಿಯೇ ಚಿಕ್ಕದಾಗುತ್ತದೆ. ನಿಯಮ ಹೇಳುವುದಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ತಿದ್ದಬೇಕಾದ್ದು ನಿಯಮವನ್ನೇ.

ನಾನು ಹೆಜ್ಜೆ ಲೆಕ್ಕ ಬಿಟ್ಟೆ. 10,000 ಎಂಬ ಸಂಖ್ಯೆ ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಹೆಜ್ಜೆ ಮೀಟರ್ ಮಾರಾಟಕ್ಕೆ ಬಂತು. ಅದರ ಹೆಸರು 'ಮಾನ್ಪೊ-ಕೇ'. ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದು ಅರ್ಥ. ಸಂಖ್ಯೆ ಅಲ್ಲಿಂದ ಹಬ್ಬಿತು. ನಡೆಯುವುದು ಒಳ್ಳೆಯದೇ, ಆದರೆ ದಿನಕ್ಕೆ 3,000 ಹೆಜ್ಜೆ ಹಾಕುವವರ ಮುಂದೆ 10,000 ಇಟ್ಟರೆ ಅವರು ಮೊದಲ ದಿನವೇ ಸೋತ ಹಾಗೆ. ಇನ್ನೂ ಒಂದು ತೊಂದರೆ ಇದೆ. ಈಜಿದರೆ, ಸೈಕಲ್ ತುಳಿದರೆ, ಯೋಗ ಮಾಡಿದರೆ ಹೆಜ್ಜೆ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ.

ತೂಕವನ್ನಂತೂ ಮುಟ್ಟಲೇಬೇಡಿ. ಯಾರಿಗೆ ಥೈರಾಯ್ಡ್ ಇದೆ, ಯಾರು ಬಸುರಿ, ಯಾರಿಗೆ ತೂಕ ಕಡಿಮೆ ಇರುವುದೇ ಚಿಂತೆ, ಅದೆಲ್ಲ ಟೀಮ್ ಲೀಡ್‌ಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ನಾನು ಇಟ್ಟುಕೊಂಡ ಅಳತೆ ನಿಮಿಷ. ಈಗ ದಿನಾ ಎಷ್ಟು ಓಡಾಡುತ್ತೀರೋ ಅದರ ಮೇಲೆ ಮೊದಲ ಎರಡು ವಾರ 10 ನಿಮಿಷ, ಮುಂದಿನ ಎರಡು ವಾರ 15, ಕೊನೆಯ ಎರಡು ವಾರ 20. ವಾರಕ್ಕೆ ಐದು ದಿನ ಮಾತ್ರ. ಮಾಡಿದ ದಿನ ಚಾರ್ಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಟಿಕ್. ಆರು ವಾರಕ್ಕೆ ಹೆಚ್ಚೆಂದರೆ 30 ಟಿಕ್. ಒಂದು ಗಂಟೆ ಓಡಿದವರಿಗೂ ಒಂದೇ ಟಿಕ್, ಹತ್ತು ನಿಮಿಷ ನಡೆದವರಿಗೂ ಒಂದೇ ಟಿಕ್. ಈ ಒಂದು ಮಾತಿನಿಂದಲೇ 20,000 ಹೆಜ್ಜೆಯವರ ಹಾವಳಿ ನಿಂತಿತು.

ನಮ್ಮ ಅಕೌಂಟ್ಸ್‌ನ ಒಬ್ಬ ಅಕ್ಕನ ಲೆಕ್ಕ ನೋಡಿ. ಬಸ್ ಸ್ಟಾಪಿನಿಂದ ಆಫೀಸಿಗೆ ಅವರು ಎಂಟು ನಿಮಿಷ ನಡೆಯುತ್ತಾರೆ. ಸಂಜೆ ಮತ್ತೆ ಎಂಟು. ಅಂದರೆ ದಿನಕ್ಕೆ 16 ನಿಮಿಷ. ಚಾಲೆಂಜ್‌ಗಾಗಿ ಬೆಳಗ್ಗೆ ಒಂದು ಸ್ಟಾಪ್ ಮುಂಚೆ ಇಳಿಯುವುದು ಎಂದುಕೊಂಡರು. ಮೊದಲ ವಾರ ದಿನಕ್ಕೆ 26 ನಿಮಿಷ, ಐದು ದಿನಕ್ಕೆ 130. ಮೂರನೇ ವಾರ 31 ನಿಮಿಷ, ಐದು ದಿನಕ್ಕೆ 155. ಐದನೇ ವಾರ 36 ನಿಮಿಷ, ಐದು ದಿನಕ್ಕೆ 180. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ. ಬಿರುಸಾಗಿ ನಡೆದರೆ ಆ ಅಕ್ಕ ಮೂರನೇ ವಾರಕ್ಕೇ ಆ ಗೆರೆ ದಾಟುತ್ತಾರೆ. ಜಿಮ್ ಇಲ್ಲ, ಬೆಳಗಿನ ಜಾವ ಏಳಬೇಕಾಗಿಲ್ಲ. ಮೊದಲು ಒಂದೊಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕು ಎಂಬ ಮಾತಿತ್ತು. ಅದನ್ನು 2020ರಲ್ಲಿ ಕೈಬಿಟ್ಟರು. ಹಾಗಾಗಿ ಹತ್ತು ನಿಮಿಷವನ್ನು ಐದು ಐದಾಗಿ ಮುರಿದರೂ ನಡೆಯುತ್ತದೆ.

ಇನ್ನು ಮಿಷನ್ ಕೂರಿಸುವ ಹುಡುಗರು. ಅವರು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಭಾರ ಎತ್ತುತ್ತಾರೆ. "ಇನ್ನೂ ಹತ್ತು ನಿಮಿಷ ನಡಿ" ಎಂದರೆ ಅವರಿಗೆ ಕೋಪ ಬರುವುದು ಸಹಜ. ಅವರಿಗೆ ಹತ್ತು ನಿಮಿಷ ಬೆನ್ನು, ತೊಡೆ, ಭುಜ ಎಳೆದು ಸಡಿಲಿಸುವ ವ್ಯಾಯಾಮವೂ ಟಿಕ್ ಎಂದು ಮೊದಲೇ ತೀರ್ಮಾನಿಸಿದೆ. ಇದನ್ನು ಭಾಷಣದಲ್ಲಿ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಇದು ಕೂತು ಕೆಲಸ ಮಾಡುವವರ ಆಟ ಎಂದು ಅವರು ದೂರ ಉಳಿಯುತ್ತಾರೆ.

ಗುಂಪುಗಳನ್ನು ಚೀಟಿ ಎತ್ತಿ ಮಾಡಿ. ನಾಲ್ಕು ನಾಲ್ಕು ಜನ, ಬೇರೆ ಬೇರೆ ವಿಭಾಗದವರು. ಅಂಕ ಎಂದರೆ ಗುಂಪಿನ ಸರಾಸರಿ. ಇಲ್ಲಿ ಒಂದು ಕಡೆ ಎಚ್ಚರ ಬೇಕು. ಒಬ್ಬರಿಗೆ ಜ್ವರ ಬಂದರೆ ಆ ವಾರ ಅವರನ್ನು ಲೆಕ್ಕದಿಂದಲೇ ತೆಗೆಯಿರಿ. ಮೂವರಿಗೆ 5, 4, 5 ಟಿಕ್ ಬಂದು ನಾಲ್ಕನೆಯವರು ಮಲಗಿದ್ದರೆ 14ನ್ನು ನಾಲ್ಕರಿಂದ ಭಾಗಿಸಿದಾಗ 3.5 ಬರುತ್ತದೆ. ಮೂರರಿಂದ ಭಾಗಿಸಿದರೆ 4.7 ಹತ್ತಿರ. ಮೊದಲ ಲೆಕ್ಕ ಇಟ್ಟುಕೊಂಡರೆ ಹುಷಾರಿಲ್ಲದವರು ಗುಂಪಿಗೆ ಭಾರ ಎನಿಸಿಕೊಳ್ಳುತ್ತಾರೆ. ಜ್ವರದಲ್ಲೇ ಎದ್ದು ನಡೆಯಲು ಹೋಗುತ್ತಾರೆ. ಅದು ಆಗಬಾರದು.

ಹಂತ 2: ತಾರೀಕು

ನಾನು ಮೊದಲು ಜನವರಿ 19, ಸೋಮವಾರ ಎಂದುಕೊಂಡಿದ್ದೆ. ಸಂಕ್ರಾಂತಿ ಮುಗಿದಿರುತ್ತದೆ, ಹೊಸ ಹುರುಪು ಇರುತ್ತದೆ ಎಂಬ ಲೆಕ್ಕ. ಅಕೌಂಟ್ಸ್‌ನವರಿಗೆ ಹೇಳಿದಾಗ "20ಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸೋಕೆ ಕೊನೇ ದಿನ, ನಾವು ಯಾವಾಗ ನಡೆಯೋದು?" ಎಂದರು. ಅದರ ಮುಂದಿನ ಸೋಮವಾರ ಗಣರಾಜ್ಯೋತ್ಸವದ ರಜೆ. ಕೊನೆಗೆ ಫೆಬ್ರವರಿ 2 ಎಂದು ನಿಂತಿತು. ಅಲ್ಲಿಂದ ಆರು ವಾರ ಎಂದರೆ ಮಾರ್ಚ್ 15. ಮಾರ್ಚ್ 19ಕ್ಕೆ ಯುಗಾದಿ, ಅದಕ್ಕೆ ಮೊದಲು ಮುಗಿಯುತ್ತದೆ. ವರ್ಷಾಂತ್ಯದ ಲೆಕ್ಕದ ಗಡಿಬಿಡಿಗೂ ಸಿಗುವುದಿಲ್ಲ.

ನಡುವೆ ಬರುವುದನ್ನೂ ನೋಡಿಕೊಂಡೆ. ಫೆಬ್ರವರಿ 15 ಶಿವರಾತ್ರಿ, ಕೆಲವರಿಗೆ ಉಪವಾಸ, ಜಾಗರಣೆ. ಅದೇ ತಿಂಗಳ ಮೂರನೇ ವಾರ ರಂಜಾನ್ ಉಪವಾಸ ಶುರು. ನಮ್ಮಲ್ಲಿ ಇಬ್ಬರು ಪೂರ್ತಿ ತಿಂಗಳು ಉಪವಾಸ ಮಾಡುತ್ತಾರೆ. ಅವರನ್ನು ಮೊದಲೇ ಪಕ್ಕಕ್ಕೆ ಕರೆದು ಕೇಳಿದೆ. ಸಂಜೆ ಉಪವಾಸ ಬಿಟ್ಟ ಮೇಲೆ ನಡೆಯುವುದಾಗಿ ಹೇಳಿದರು. ಆ ದಿನಗಳಲ್ಲಿ ತಮಗೆ ಹತ್ತೇ ನಿಮಿಷ ಸಾಕು ಎಂದೂ ಕೇಳಿಕೊಂಡರು. ಒಪ್ಪಿದೆ. ಮಾರ್ಚ್ ಹೊತ್ತಿಗೆ ಬಿಸಿಲು ಏರುತ್ತದೆ, ಆಗ ಮಧ್ಯಾಹ್ನದ ನಡಿಗೆ ಬೇಡ ಎಂದು ಎಲ್ಲರಿಗೂ ಕೊಡುವ ಒಂದು ಪುಟದ ಚೀಟಿಯಲ್ಲಿ ಬರೆದೆ.

ಮಾತಾಡುವ ದಿನ ಶುಕ್ರವಾರವೇ ಇರಲಿ. ಸೋಮವಾರ ಬೆಳಗ್ಗೆ ಹೇಳಿ ಸೋಮವಾರವೇ ಶುರು ಎಂದರೆ ಯಾರ ಕಾಲಲ್ಲೂ ಸರಿಯಾದ ಶೂ ಇರುವುದಿಲ್ಲ. ಡಾಕ್ಟರನ್ನು ಕೇಳಬೇಕಾದವರಿಗೂ ಎರಡು ದಿನ ಸಿಗಬೇಕು.

ಹಂತ 3: ಬರೆಯುವುದು

ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: "ಆತ್ಮೀಯರೇ, ಇಂದಿನ ಒತ್ತಡದ ಬದುಕಿನಲ್ಲಿ ಆರೋಗ್ಯವೇ ಭಾಗ್ಯ. ಈ ಹಿನ್ನೆಲೆಯಲ್ಲಿ ನಮ್ಮ ಸಂಸ್ಥೆಯ ವತಿಯಿಂದ ಆರು ವಾರಗಳ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದೆ." ಓದಿ ನೋಡಿದೆ. ಇದು ನೋಟಿಸ್ ಬೋರ್ಡಿನ ಕನ್ನಡ. ದಿನಾ ಜೊತೆಗೆ ಟೀ ಕುಡಿಯುವವರ ಮುಂದೆ ಯಾರೂ ಹೀಗೆ ಮಾತಾಡುವುದಿಲ್ಲ. "ಹಮ್ಮಿಕೊಳ್ಳಲಾಗಿದೆ" ಎಂದ ತಕ್ಷಣ ಅದು ಮೇಲಿನವರ ಆದೇಶವಾಗಿ ಕೇಳಿಸುತ್ತದೆ. ಆ ಎರಡು ಸಾಲಿನಲ್ಲಿ ಒಂದೇ ಒಂದು ಹೊಸ ವಿಷಯವೂ ಇಲ್ಲ. ಅಳಿಸಿ, "ಸೋಮವಾರದಿಂದ ಒಂದು ಸಣ್ಣ ಚಾಲೆಂಜ್ ಮಾಡ್ತಿದ್ದೀವಿ" ಎಂದು ಬರೆದೆ. ಭಾಷಣವನ್ನು ನೀವು ಆಡುವ ಕನ್ನಡದಲ್ಲೇ ಬರೆಯಿರಿ. ಬರೆಯುವಾಗ ವಿಚಿತ್ರ ಅನಿಸುತ್ತದೆ. ಹೇಳುವಾಗ ಸಲೀಸಾಗುತ್ತದೆ.

ನಂತರ ಮಾತುಗಳ ಸಾಲು. ಮೊದಲು ಏನು ಕೇಳುತ್ತಿದ್ದೇವೆ, ಆಮೇಲೆ ಏನೆಲ್ಲ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಯಾರು ಎಚ್ಚರವಾಗಿರಬೇಕು, ಆಮೇಲೆ ಸೇರದಿರುವ ಸ್ವಾತಂತ್ರ್ಯ, ಕೊನೆಗೆ ಸೋಮವಾರ ಮಾಡಬೇಕಾದ ಒಂದೇ ಕೆಲಸ. ಬಹುಮಾನ ನಡುವೆ ಎಲ್ಲೋ ಬರಲಿ. ಅದನ್ನೇ ಮೊದಲು ಹೇಳಿದರೆ ಮುಂದಿನದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

"21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ" ಎಂಬ ಸಾಲನ್ನು ದಯವಿಟ್ಟು ಹಾಕಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಹಾಗಾಗಲು ಅದರಲ್ಲಿ ಸಾಮಾನ್ಯವಾಗಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಗಿತ್ತು. ನಮ್ಮ ಆರು ವಾರ ಎಂದರೆ 42 ದಿನ. ಅದರೊಳಗೆ ಎಲ್ಲರಿಗೂ ಅಭ್ಯಾಸವಾಗುತ್ತದೆ ಎಂದು ಮಾತು ಕೊಟ್ಟರೆ ಅದು ಸುಳ್ಳಾಗುತ್ತದೆ. ಅದೇ ಅಧ್ಯಯನದಲ್ಲಿ ನಮಗೆ ಉಪಯೋಗಕ್ಕೆ ಬರುವ ಇನ್ನೊಂದು ಅಂಶವಿದೆ. ನಡುವೆ ಒಂದು ದಿನ ತಪ್ಪಿಹೋದರೆ ಅಭ್ಯಾಸ ಕೂರುವುದಕ್ಕೆ ಅಷ್ಟೇನೂ ಧಕ್ಕೆಯಾಗಲಿಲ್ಲ. ಇದನ್ನು ಭಾಷಣದಲ್ಲಿ ಹೇಳಿ.

ನಾನು ಆಡಿದ ಮಾತು, ಪೂರ್ತಿಯಾಗಿ

"ಎಲ್ಲರಿಗೂ ನಮಸ್ಕಾರ. ಟೀ ಕೈಯಲ್ಲೇ ಇರಲಿ, ಕೂತೇ ಕೇಳಿ. ನಾಲ್ಕು ನಿಮಿಷ ಸಾಕು.

ಸೋಮವಾರ, ಫೆಬ್ರವರಿ 2ರಿಂದ ಆರು ವಾರ ಒಂದು ಸಣ್ಣ ಚಾಲೆಂಜ್ ಮಾಡ್ತಿದ್ದೀವಿ. ಮಾರ್ಚ್ 15ಕ್ಕೆ ಮುಗಿಯುತ್ತೆ.

ಕೇಳ್ತಿರೋದು ಇಷ್ಟೇ. ಈಗ ನೀವು ದಿನಾ ಎಷ್ಟು ಓಡಾಡ್ತೀರೋ, ಅದರ ಮೇಲೆ ಹತ್ತು ನಿಮಿಷ. ವಾರದಲ್ಲಿ ಐದು ದಿನ. ಎರಡು ವಾರ ಆದ ಮೇಲೆ ಹದಿನೈದು ನಿಮಿಷ, ಕೊನೆ ಎರಡು ವಾರ ಇಪ್ಪತ್ತು. ಮಾಡಿದ ದಿನ ಒಂದು ಟಿಕ್. ಒಂದು ಗಂಟೆ ಓಡಿದ್ರೂ ಒಂದೇ ಟಿಕ್.

ಏನು ಮಾಡ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು. ನಡೀಬಹುದು, ಸೈಕಲ್ ತುಳೀಬಹುದು, ಸೂರ್ಯ ನಮಸ್ಕಾರ ಮಾಡಬಹುದು, ಮಕ್ಕಳ ಜೊತೆ ಶಟಲ್ ಆಡಬಹುದು. ಎಷ್ಟು ಜೋರಾಗಿ ಅಂತ ಕೇಳಿದ್ರೆ, ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಅಷ್ಟು. ಇನ್‌ಸ್ಟಾಲೇಶನ್‌ನವರು ಈಗಾಗಲೇ ದಿನವಿಡೀ ಮೆಟ್ಟಿಲು ಹತ್ತುತ್ತಾರೆ. ಅವರು ಹತ್ತು ನಿಮಿಷ ಬೆನ್ನು, ಕಾಲು ಸಡಿಲಿಸುವ ವ್ಯಾಯಾಮ ಮಾಡಿದ್ರೆ ಅದೂ ಟಿಕ್.

ನನ್ನ ವಿಷಯ ಹೇಳ್ತೀನಿ. ಡಿಸೆಂಬರ್‌ನಲ್ಲಿ ಲಿಫ್ಟ್ ಕೆಟ್ಟಿತ್ತಲ್ಲ, ಅವತ್ತು ಮೂರನೇ ಮಹಡಿಗೆ ಬಂದವನಿಗೆ ಫೋನ್ ಬಂತು. ಎರಡು ನಿಮಿಷ ಮಾತೇ ಆಡೋಕಾಗಲಿಲ್ಲ. ನನಗೆ ಭಯ ಆಯ್ತು. ಊಟ ಆದ ಮೇಲೆ ಹತ್ತು ನಿಮಿಷ ನಡೆಯೋದು, ನಾನು ಆರಿಸಿಕೊಂಡಿದ್ದು ಅದು.

ತೂಕ ಯಾರೂ ನೋಡಲ್ಲ, ಯಾರೂ ಕೇಳಲ್ಲ. ನಾಲ್ಕು ನಾಲ್ಕು ಜನರ ಗುಂಪು ಇರುತ್ತೆ, ಸೋಮವಾರ ಚೀಟಿ ಎತ್ತೋಣ. ಹುಷಾರಿಲ್ಲದ ವಾರ ಲೆಕ್ಕಕ್ಕೆ ಬರಲ್ಲ. ಒಂದು ದಿನ ತಪ್ಪಿದ್ರೆ ತಪ್ಪಿತು ಅಷ್ಟೇ, ಮರುದಿನ ಎರಡರಷ್ಟು ಮಾಡೋಕೆ ಹೋಗಬೇಡಿ. ಕೊನೇಲಿ ಆಫೀಸಿನ ಎಲ್ಲರಿಗೂ ತಿಂಡಿ ಇದೆ, ಸೇರದವರಿಗೂ. ಎಲ್ಲಿಂದ ತರಿಸಬೇಕು ಅಂತ ಗೆದ್ದ ಗುಂಪು ಹೇಳುತ್ತೆ.

ಬಿಪಿ, ಶುಗರ್, ಹೃದಯದ ತೊಂದರೆ, ಮಂಡಿ ನೋವು ಇರೋರು, ಈಚೆಗೆ ಆಪರೇಷನ್ ಆದೋರು, ಶುರು ಮಾಡೋ ಮೊದಲು ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿ. ಮಾಡುವಾಗ ಎದೆ ನೋವು, ತಲೆ ಸುತ್ತು, ಎಂದೂ ಇಲ್ಲದ ಉಬ್ಬಸ ಬಂದ್ರೆ ನಿಲ್ಲಿಸಿ, ಪಕ್ಕದವರಿಗೆ ಹೇಳಿ.

ಕೊನೇ ಮಾತು. ಸೇರಲೇಬೇಕು ಅಂತಿಲ್ಲ. ಇದಕ್ಕೂ ನಿಮ್ಮ ಅಪ್ರೈಸಲ್‌ಗೂ ಯಾವ ಸಂಬಂಧವೂ ಇಲ್ಲ. ಯಾಕೆ ಸೇರಲಿಲ್ಲ ಅಂತ ನಾನು ಕೇಳಲ್ಲ, ಬೇರೆಯವರೂ ಕೇಳಬೇಡಿ. ನಡುವೆ ಬಿಡಬಹುದು, ನಡುವೆ ಸೇರಬಹುದು. ಚಾರ್ಟ್ ನನ್ನ ಹತ್ತಿರ ಇರಲ್ಲ, ರಿಸೆಪ್ಶನ್‌ನಲ್ಲಿ ಇರುತ್ತೆ.

ಸೋಮವಾರ ಮಾಡಬೇಕಾದ್ದು ಒಂದೇ. ನಿಮ್ಮ ಹತ್ತು ನಿಮಿಷ ಯಾವ ಹೊತ್ತಿಗೆ ಅಂತ ಗೊತ್ತು ಮಾಡಿಕೊಂಡು ಬನ್ನಿ. ಅಷ್ಟೇ. ಟೀ ಆರ್ತಾ ಇದೆ, ಕುಡೀರಿ."

ಹಂತ 4: ಗಟ್ಟಿಯಾಗಿ ಓದಿ ಕತ್ತರಿಸುವುದು

ಕನ್ನಡದ ಪದಗಳು ಉದ್ದ. ನಾನು ಸಾವಕಾಶವಾಗಿ ಮಾತಾಡಿದರೆ ನಿಮಿಷಕ್ಕೆ 80ರಿಂದ 90 ಪದ ಆಗುತ್ತದೆ. ಹಾಗಾಗಿ ನಾಲ್ಕು ನಿಮಿಷಕ್ಕೆ ಮುನ್ನೂರು ಚಿಲ್ಲರೆ ಪದ ಎಂದು ಗೆರೆ ಹಾಕಿಕೊಂಡೆ. ಫೋನಿನ ಸ್ಟಾಪ್‌ವಾಚ್ ಹಾಕಿ ಮನೆಯಲ್ಲಿ ನಿಂತುಕೊಂಡೇ ಓದಿ. ಕೂತು ಓದಿದರೆ ವೇಗ ಬೇರೆಯೇ ಬರುತ್ತದೆ.

ನನ್ನ ಮೊದಲ ಓದು ಏಳು ನಿಮಿಷ ಬಂತು. ಕತ್ತರಿಸಿದ್ದು ಮೂರು. ಜಪಾನಿನ ಹೆಜ್ಜೆ ಮೀಟರ್ ಕಥೆ, ವಾರಕ್ಕೆ 150 ನಿಮಿಷದ ವಿವರ, ಸರಾಸರಿ ಅಂಕದ ಲೆಕ್ಕ. ಮೂರೂ ನನಗೆ ಇಷ್ಟವಾದವು. ಆದರೆ ಹಿಂದಿನ ಸಾಲಿನವರಿಗೆ ಸೋಮವಾರ ಅವುಗಳಿಂದ ಆಗಬೇಕಾದ್ದು ಏನೂ ಇಲ್ಲ. ಅವು ಒಂದು ಪುಟದ ಚೀಟಿಗೆ ಹೋದವು. ನಮ್ಮಲ್ಲಿ ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ, ಅವರಿಗಾಗಿ ಚೀಟಿಯ ಹಿಂಬದಿಯಲ್ಲಿ ಇಂಗ್ಲಿಷ್‌ನಲ್ಲೂ ಅಚ್ಚು ಹಾಕಿಸಿದೆ.

ಕತ್ತರಿಸಲೇಬಾರದ್ದು ಎರಡು ಇವೆ. ಡಾಕ್ಟರ್ ಮಾತು ಮತ್ತು ಅಪ್ರೈಸಲ್ ಮಾತು. ಹೊತ್ತು ಮೀರುತ್ತಿದೆ ಅನಿಸಿದರೆ ನಿಮ್ಮ ಸ್ವಂತ ಕಥೆಯನ್ನು ತೆಗೆಯಿರಿ. ಟೀಮ್ ಲೀಡ್ ನಗುತ್ತಾ "ಬನ್ನಿ ಸೇರಿ" ಎಂದರೂ ಕೇಳುವವರಿಗೆ ಅದು ಸಂಬಳ ತೀರ್ಮಾನಿಸುವವರ ಬಾಯಿಂದ ಬಂದ ಮಾತು. ಸಂಬಂಧ ಇಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಭಾರ ಇಳಿಯುತ್ತದೆ. ಚಾರ್ಟ್ ಬೇರೆಯವರ ಕೈಯಲ್ಲಿರಬೇಕು ಎನ್ನುವುದೂ ಅದಕ್ಕೇ.

ಶುಗರ್ ಇರುವವರಿಗೆ ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆದಾಗ ರಕ್ತದ ಸಕ್ಕರೆ ತೀರಾ ಇಳಿದುಬಿಡಬಹುದು. ಕೈ ನಡುಕ, ಬೆವರು, ಇದ್ದಕ್ಕಿದ್ದ ಹಾಗೆ ಹಸಿವು ಅದರ ಗುರುತು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ ಎಂದು ಬರೆದೆ. ಹೊಸದಾಗಿ ವ್ಯಾಯಾಮ ಮಾಡಿದವರಿಗೆ ಒಂದೆರಡು ದಿನ ಆದ ಮೇಲೆ ಮೈಕೈ ನೋವು ಬರುವುದು ಮಾಮೂಲು, ತಾನೇ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಊತ ಮಾಮೂಲಲ್ಲ, ನಿಲ್ಲಿಸಬೇಕು. ಎದೆ ನೋವಿಗೆ 108. ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.

ಹಂತ 5: ನಿಂತು ಹೇಳುವುದು

ಸ್ಲೈಡ್ ಬೇಡ, ಮೈಕ್ ಬೇಡ. 24 ಜನಕ್ಕೆ ನಿಮ್ಮ ಗಂಟಲೇ ಸಾಕು. ಮಾಲೀಕರ ಪಕ್ಕದಲ್ಲಿ ನಿಲ್ಲಬೇಡಿ, ಜನರ ನಡುವೆ ಎಲ್ಲಾದರೂ ನಿಲ್ಲಿ. ನಮ್ಮ ಮಾಲೀಕರಿಗೂ ಮೊದಲೇ ಹೇಳಿದ್ದೆ, ಅವರು ಎಲ್ಲರ ಜೊತೆ ಟೀ ಹಿಡಿದು ಕೂತಿದ್ದರು.

ಆರೋಗ್ಯದ ತೊಂದರೆಗಳ ಹೆಸರು ಹೇಳುವಾಗ ಯಾರ ಮುಖವನ್ನೂ ನೋಡಬೇಡಿ. ಮಂಡಿ ನೋವು ಎಂದಾಗ ಕಣ್ಣು ತಾನಾಗಿ ಆ ಒಬ್ಬರ ಕಡೆ ಹೋಗುತ್ತದೆ. ನಾನು ಆ ಎರಡು ಸಾಲು ಹೇಳುವಾಗ ಕೈಯಲ್ಲಿದ್ದ ಚೀಟಿ ನೋಡಿ ಓದಿದೆ. ಉಳಿದದ್ದನ್ನು ನೋಡದೆ ಹೇಳಿದೆ.

ಹೇಳಿ ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಮನೆ ಕೆಲಸ ಲೆಕ್ಕಕ್ಕೆ ಬರುತ್ತದಾ ಎಂದು ಒಬ್ಬರು ಕೇಳಿದರು. ಅಂಗಳ ತೊಳೆಯುವಾಗ ಹಾಡಲು ಆಗದಷ್ಟು ಉಸಿರು ಏರಿದರೆ ಬರುತ್ತದೆ, ಪಾತ್ರೆ ಒರೆಸಿ ಇಡುವುದು ಬರುವುದಿಲ್ಲ ಎಂದೆ. ಸುಳ್ಳು ಟಿಕ್ ಹಾಕಿದರೆ ಏನು ಮಾಡುತ್ತೀರಿ ಎಂದು ಇನ್ನೊಬ್ಬರು ಕೇಳಿದರು. ಏನೂ ಮಾಡುವುದಿಲ್ಲ, ಫೋಟೋ ಕೂಡ ಕೇಳುವುದಿಲ್ಲ ಎಂದೆ. ಒಂದು ತಿಂಡಿಗಾಗಿ ಪೊಲೀಸ್ ಕೆಲಸ ಶುರು ಮಾಡಿದರೆ ಸ್ನೇಹ ಕೆಡುತ್ತದೆ. ಕೊನೆಯ ದಿನ ಎಲ್ಲರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಣ ಎಂದು ಒಬ್ಬ ಹುಡುಗ ಹೇಳಿದ. ಸಾವಿರ ಮೆಟ್ಟಿಲು. ಆಸೆ ಒಳ್ಳೆಯದೇ, ಆದರೆ ದಿನಕ್ಕೆ 20 ನಿಮಿಷ ನಡೆದವರನ್ನು ಒಂದೇ ಸಲ ಅಲ್ಲಿಗೆ ಕರೆದೊಯ್ಯುವುದು ಸರಿಯಲ್ಲ. ಮಂಡಿ ನೋವಿನವರು ಕೊನೆಯ ದಿನವೇ ಹೊರಗುಳಿಯಬೇಕಾಗುತ್ತದೆ. ಅದರ ಬದಲು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಸೇರೋಣ, ಅವರವರಿಗೆ ಆದಷ್ಟು ನಡೆಯೋಣ ಎಂದು ನಿಂತಿತು.

ಹಂತ 6: ಮೂರನೇ ವಾರದ ಒಂದು ನಿಮಿಷ

ಶುಕ್ರವಾರದ ಭಾಷಣದ ಕಾವು ಎರಡು ವಾರ ಇರುತ್ತದೆ. ಮೂರನೇ ಸೋಮವಾರಕ್ಕೆ ನಿಮಿಷ 10ರಿಂದ 15ಕ್ಕೆ ಏರುತ್ತದೆ, ಆಗಲೇ ಕೆಲವರು ಸದ್ದಿಲ್ಲದೆ ಬಿಡುತ್ತಾರೆ. ಚಾರ್ಟ್ ನೋಡಿದರೆ ಗೊತ್ತಾಗುತ್ತದೆ. ಒಂದೆರಡು ಟಿಕ್ ತಪ್ಪಿದವರು ತಿರುಗಿ ಬರುತ್ತಾರೆ. ಒಂದು ವಾರ ಪೂರ್ತಿ ಖಾಲಿ ಇದ್ದವರು ಸಾಮಾನ್ಯವಾಗಿ ಬರುವುದಿಲ್ಲ. "ಈಗ ಹೋದರೆ ಗುಂಪಿನವರು ಏನಂದುಕೊಳ್ಳುತ್ತಾರೋ" ಎಂಬ ಅಳುಕು ಅವರನ್ನು ತಡೆಯುತ್ತದೆ.

ಹಾಗಾಗಿ ಎರಡನೇ ಮಾತನ್ನೂ ಮೊದಲ ದಿನವೇ ಬರೆದಿಟ್ಟುಕೊಂಡಿದ್ದೆ. ಫೆಬ್ರವರಿ 16ರ ಬೆಳಗ್ಗೆ, ಕಂಪ್ಯೂಟರ್ ಆನ್ ಮಾಡುವ ಮೊದಲು, ನಿಂತಲ್ಲೇ ಹೇಳಿದೆ:

"ಇವತ್ತಿಂದ ಹದಿನೈದು ನಿಮಿಷ. ಹತ್ತೇ ಸರಿ ಅನ್ಸಿದ್ರೆ ಹತ್ತರಲ್ಲೇ ಇರಿ, ಅದಕ್ಕೂ ಟಿಕ್ ಇದೆ. ನಿನ್ನೆ ಜಾಗರಣೆ ಮಾಡಿದೋರು ಇವತ್ತು ನಿದ್ದೆ ಮಾಡಿ, ನಾಳೆ ನಡೀರಿ. ಹೋದ ವಾರ ಆಗದೇ ಇದ್ದೋರು ಇವತ್ತೇ ಮತ್ತೆ ಶುರು ಮಾಡಬಹುದು. ಖಾಲಿ ಇರೋ ವಾರನ ಗುಂಪಿನ ಲೆಕ್ಕದಿಂದ ತೆಗೆದಿದ್ದೀವಿ, ನಿಮ್ಮಿಂದ ಯಾರ ಅಂಕವೂ ಕಡಿಮೆ ಆಗಿಲ್ಲ. ನಾನು ಒಂದೂವರೆಗೆ ಕೆಳಗೆ ಗೇಟ್ ಹತ್ತಿರ ಇರ್ತೀನಿ. ನೆರಳಿರೋ ಕಡೆ ನಡೆಯೋಣ, ಬರೋರು ಬನ್ನಿ."

ಅವತ್ತು ಒಂದೂವರೆಗೆ ಗೇಟ್ ಹತ್ತಿರ ಐದು ಜನ ಬಂದರು. ಅದರಲ್ಲಿ ಇಬ್ಬರು ಹಿಂದಿನ ವಾರ ಪೂರ್ತಿ ಖಾಲಿ ಬಿಟ್ಟಿದ್ದವರು.